ಒಂದು ಪ್ಯಾರಾ, ಅದರ ಅರ್ಧ, ಒಂದು ವಾಕ್ಯ, ಒಂದು ಹೆಡ್ಡಿಂಗ್: 19ನೇ ಗೇಟಿನ ಸುದ್ದಿ

ಒಂದು ಪ್ಯಾರಾ ತಗೊಳ್ಳಿ. ಅದನ್ನು ಅರ್ಧಕ್ಕೆ ಇಳಿಸಿ. ಆ ಅರ್ಧವನ್ನು ಒಂದೇ ವಾಕ್ಯ ಮಾಡಿ. ಕೊನೆಗೆ ಅದರ ಹೆಡ್ಡಿಂಗ್ ಬರೆಯಿರಿ. ಪತ್ರಿಕೆಯ ಡೆಸ್ಕಿನಲ್ಲಿ ಕೂತವರು ದಿನಾ ಮಾಡುವ ಕೆಲಸ ಇದೇ. ಆದರೆ ಅವಸರದಲ್ಲಿ ನಡುವಿನ ಎರಡು ಮೆಟ್ಟಿಲು ಬಿಟ್ಟು, ಪ್ಯಾರಾದಿಂದ ಸೀದಾ ಹೆಡ್ಡಿಂಗಿಗೆ ಜಿಗಿಯುತ್ತಾರೆ. ಬಳ್ಳಾರಿಯಲ್ಲಿ ಡೆಸ್ಕ್ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಂಡ ಕೆಟ್ಟ ಹೆಡ್ಡಿಂಗ್‌ಗಳಲ್ಲಿ ಬಹಳಷ್ಟು ಹುಟ್ಟಿದ್ದು ಆ ಜಿಗಿತದಲ್ಲೇ. ಹಾಗಾಗಿ ಈಗ ಕೊಪ್ಪಳದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಹೇಳಿಕೊಡುವಾಗ ನಾನು ಒಂದು ಮೆಟ್ಟಿಲನ್ನೂ ತಪ್ಪಿಸಲು ಬಿಡುವುದಿಲ್ಲ.

ಇದನ್ನು ಬರೀ ಪದ ಕಡಿಮೆ ಮಾಡುವ ಅಭ್ಯಾಸ ಅಂದುಕೊಂಡರೆ ಏನೂ ಕಲಿಯಲು ಆಗುವುದಿಲ್ಲ. ಪ್ರತಿ ಮೆಟ್ಟಿಲಲ್ಲೂ ಬೇರೆ ಬೇರೆ ಥರದ ವಿಷಯ ಉದುರುತ್ತದೆ. ಎಲ್ಲಿ ಏನು ಉದುರಿತು ಅಂತ ಕಣ್ಣಿಟ್ಟು ನೋಡುವುದೇ ಇದರ ಲಾಭ. ಒಂದು ಸುದ್ದಿಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. ನಮ್ಮ ಭಾಗದವರಿಗೆ ಅದನ್ನು ನೆನಪಿಸುವ ಅಗತ್ಯವೇ ಇಲ್ಲ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್, ಅಂದರೆ ತುಂಬಿದ ನೀರನ್ನು ನದಿಗೆ ಬಿಡುವ ಮೇಲಿನ ಸಾಲಿನ ಗೇಟ್, ಕೊಚ್ಚಿ ಹೋಯಿತು. ಸೋಮವಾರ ತರಗತಿಗೆ ಬಂದ ಮಕ್ಕಳ ಬಾಯಲ್ಲಿ ಬೇರೆ ಮಾತಿರಲಿಲ್ಲ. ಅರ್ಧಕ್ಕರ್ಧ ಮಂದಿ ಗಂಗಾವತಿ, ಕಾರಟಗಿ ಕಡೆಯ ಭತ್ತದ ಮನೆಗಳಿಂದ ಬಂದವರು. ಅವತ್ತಿಗೆ ಗೊತ್ತಿದ್ದ ಸಂಗತಿಗಳನ್ನು ಒಟ್ಟು ಮಾಡಿ ಬೋರ್ಡಿನ ಮೇಲೆ ಈ ಪ್ಯಾರಾ ಬರೆದೆ:

"ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಶನಿವಾರ ತಡರಾತ್ರಿ ಚೈನ್ ತುಂಡಾಗಿ ಕೊಚ್ಚಿ ಹೋಗಿದೆ. ಜಲಾಶಯ ಬಹುತೇಕ ಭರ್ತಿಯಾಗಿದ್ದ ಸಮಯದಲ್ಲೇ ಈ ಘಟನೆ ನಡೆದಿದ್ದು, ಆ ಒಂದು ಗೇಟಿನಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ನದಿಗೆ ಹರಿಯುತ್ತಿದೆ. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆಯಲಾಗಿದ್ದು, ಒಟ್ಟು ಹೊರಹರಿವು 1 ಲಕ್ಷ ಕ್ಯೂಸೆಕ್ ದಾಟಿದೆ. ಹೊಸ ಗೇಟ್ ಕೂರಿಸಲು ಸುಮಾರು 60 ಟಿಎಂಸಿ ಅಡಿ ನೀರನ್ನು ಹೊರಬಿಡಬೇಕಾಗಬಹುದು ಎಂಬ ಅಂದಾಜಿದೆ. ಅಣೆಕಟ್ಟೆಗೆ ಅಪಾಯವಿಲ್ಲ, ಆದರೆ ನದಿ ಪಾತ್ರದ ಜನ ಎಚ್ಚರದಿಂದಿರಬೇಕು ಎಂದು ಅಧಿಕಾರಿಗಳು ತಿಳಿಸಿದ್ದಾರೆ. ಎಡದಂಡೆ ಮತ್ತು ಬಲದಂಡೆ ಕಾಲುವೆಗಳನ್ನು ನಂಬಿ ಭತ್ತ ನಾಟಿ ಮಾಡಿರುವ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ರೈತರು ನೀರಿಗಾಗಿ ಆತಂಕಗೊಂಡಿದ್ದಾರೆ."

ಎಂಬತ್ತು ಪದದ ಆಸುಪಾಸು. ಅರ್ಧ ಅಂದರೆ ನಲವತ್ತಕ್ಕೆ ನಿಲ್ಲಬೇಕು.

ಈ ಅರ್ಧದ ಮೆಟ್ಟಿಲನ್ನು ಎಲ್ಲರೂ ಸುಲಭ ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದೇ ಕಷ್ಟದ್ದು. ಒಂದು ವಾಕ್ಯ ಮಾಡು ಅಂದರೆ ಬಹಳಷ್ಟನ್ನು ಬಿಡಲೇಬೇಕು, ಅದಕ್ಕೆ ಧೈರ್ಯ ತಾನಾಗಿ ಬರುತ್ತದೆ. ಅರ್ಧ ಮಾಡು ಅಂದಾಗ ಹಾಗಲ್ಲ. ಎಲ್ಲ ಸಂಗತಿಯೂ ಉಳಿಯಬೇಕು, ಜಾಗ ಮಾತ್ರ ಅರ್ಧ. ಹುಡುಗರು ಮಾಡುವ ಮೊದಲ ಕೆಲಸ ಕೊನೆಯ ಎರಡು ವಾಕ್ಯಕ್ಕೆ ಗೀಟು ಹಾಕುವುದು. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ, ಅಷ್ಟು ಮುಖ್ಯವಲ್ಲದ್ದು ಕೆಳಗೆ ಅಂತ ನಾವೇ ಹೇಳಿಕೊಟ್ಟಿರುತ್ತೇವೆ, ಹಾಗಾಗಿ ಕತ್ತರಿ ಕೆಳಗಿನಿಂದ ಬರುತ್ತದೆ. ಇಲ್ಲಿ ಹಾಗೆ ಕತ್ತರಿಸಿದರೆ ಏನಾಗುತ್ತದೆ ನೋಡಿ. ನದಿ ಪಾತ್ರದವರಿಗೆ ಕೊಟ್ಟ ಎಚ್ಚರಿಕೆ ಹೋಯಿತು, ರೈತರು ಹೋದರು. ಉಳಿದದ್ದು ಗೇಟು ಮತ್ತು ನೀರು. ಮನುಷ್ಯರೇ ಇಲ್ಲ!

ಕೆಳಗಿನಿಂದ ಕತ್ತರಿಸುವುದು ಇಡೀ ಸುದ್ದಿಗೆ ಸರಿ. ಒಂದೇ ಪ್ಯಾರಾದ ಒಳಗೆ ಅದು ನಡೆಯುವುದಿಲ್ಲ. ಅಲ್ಲಿ ಪ್ರತಿ ವಾಕ್ಯದ ಒಳಗೆ ಕೈ ಹಾಕಬೇಕು. "ಈ ಘಟನೆ ನಡೆದಿದ್ದು" ಅನ್ನುವುದು ಏನೂ ಹೇಳುವುದಿಲ್ಲ, ಅದು ಹೋಗಲಿ. "ಕೊಪ್ಪಳ ತಾಲ್ಲೂಕಿನ ಮುನಿರಾಬಾದ್ ಬಳಿಯ" ಅನ್ನುವುದು ನಮ್ಮ ಜಿಲ್ಲೆಯ ಓದುಗನಿಗೆ ಬೇಡ. ಮಂಗಳೂರಿನವನಿಗಾದರೆ ಬೇಕಾಗುತ್ತಿತ್ತು. "ಎಡದಂಡೆ ಮತ್ತು ಬಲದಂಡೆ" ಹೋಗಬಹುದು, ರೈತರು ಅಂದರೆ ಯಾವ ರೈತರು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಹೀಗೆ ಅಲ್ಲಲ್ಲೇ ಬಿಡಿಸುತ್ತಾ ಬಂದರೆ ಇದು ಉಳಿಯುತ್ತದೆ:

"ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಶನಿವಾರ ತಡರಾತ್ರಿ ಚೈನ್ ತುಂಡಾಗಿ ಕೊಚ್ಚಿ ಹೋಗಿದೆ. ಆ ಒಂದರಿಂದಲೇ ಸುಮಾರು 35 ಸಾವಿರ, ಎಲ್ಲ ಗೇಟ್ ಸೇರಿ 1 ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರು ನದಿಗಿಳಿಯುತ್ತಿದೆ. ಅಣೆಕಟ್ಟೆಗೆ ಅಪಾಯವಿಲ್ಲ, ನದಿ ದಂಡೆಯವರು ಎಚ್ಚರದಿಂದಿರಬೇಕು ಎಂದು ಅಧಿಕಾರಿಗಳು ತಿಳಿಸಿದ್ದಾರೆ. ದುರಸ್ತಿಗೆ 60 ಟಿಎಂಸಿ ಅಡಿಯಷ್ಟು ನೀರು ಬಿಡಬೇಕಾಗಬಹುದೆಂಬ ಅಂದಾಜಿಗೆ ರೈತರು ಆತಂಕಗೊಂಡಿದ್ದಾರೆ."

ನಲವತ್ತೆರಡು ಪದ. ಒತ್ತಡ ತಗ್ಗಿಸಲು ಬೇಕೆಂದೇ ಗೇಟ್ ತೆರೆದರು ಅನ್ನುವ ಕಾರಣ ಇಲ್ಲಿ ಬಿದ್ದು ಹೋಗಿದೆ. ಅದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ ಅಂದೆ. ಪ್ರತಿ ಮೆಟ್ಟಿಲಲ್ಲೂ ಏನು ಬಿಟ್ಟೆವೋ ಅದನ್ನು ಅಂಚಿನಲ್ಲಿ ಬರೆಯುವುದು ನಮ್ಮ ತರಗತಿಯ ನಿಯಮ. ಯಾಕೆ ಅನ್ನುವುದು ಮುಂದಿನ ಮೆಟ್ಟಿಲಿಗೇ ಗೊತ್ತಾಯಿತು.

ಒಂದು ವಾಕ್ಯ. ಇಲ್ಲಿ ಕೆಲಸದ ಸ್ವರೂಪವೇ ಬದಲಾಗುತ್ತದೆ. ಅರ್ಧದಲ್ಲಿ ಸಂಗತಿಗಳು ಒಂದರ ಪಕ್ಕ ಒಂದು ಸುಮ್ನೆ ನಿಂತಿದ್ದವು. ಒಂದೇ ವಾಕ್ಯ ಆಗಬೇಕಾದರೆ ಅವುಗಳ ನಡುವೆ ಸಂಬಂಧ ಹೇಳಬೇಕು. ಇದರಿಂದ ಅದಾಯಿತೋ, ಇದಾದ ಮೇಲೆ ಅದಾಯಿತೋ, ಇದಾದರೂ ಅದಾಗಲಿಲ್ಲವೋ? ಕನ್ನಡದಲ್ಲಿ ಈ ಸಂಬಂಧ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ಬಾಲ ತಪ್ಪಿದರೆ ಸಂಗತಿಗಳೆಲ್ಲ ಸರಿ ಇದ್ದೂ ವಾಕ್ಯ ಸುಳ್ಳಾಗುತ್ತದೆ. ಒಬ್ಬ ಹುಡುಗ ಬರೆದದ್ದು ಇದು:

"ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿ ಹೋಗಿ 1 ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರು ನದಿಗೆ ಹರಿಯುತ್ತಿದೆ."

ಓದಲು ಚೆನ್ನಾಗಿದೆ. ಒಂದೊಂದು ಪದವೂ ಪ್ಯಾರಾದಲ್ಲಿ ಇರುವುದೇ. ಆದರೆ "ಹೋಗಿ" ಅಂದ ಕೂಡಲೇ ಆ ಒಂದು ಲಕ್ಷ ಕ್ಯೂಸೆಕ್ ಪೂರ್ತಿ ಮುರಿದ ಗೇಟಿನ ಜಾಗದಿಂದ ನುಗ್ಗುತ್ತಿದೆ ಅಂತಾಯಿತು. ನಿಜದಲ್ಲಿ ಅಲ್ಲಿಂದ ಹೋಗುತ್ತಿದ್ದದ್ದು ಸುಮಾರು 35 ಸಾವಿರ. ಉಳಿದದ್ದು ಬೇರೆ ಗೇಟ್‌ಗಳಿಂದ ಬಿಟ್ಟ ನೀರು, ಅಂದರೆ ಬೇಕಾದಾಗ ನಿಲ್ಲಿಸಬಹುದಾದ ನೀರು.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 35 ಸಾವಿರ ಕ್ಯೂಸೆಕ್ ಇಡೀ ದಿನ ಹರಿದರೆ 302 ಕೋಟಿ ಘನ ಅಡಿ. ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ, ಅಂದರೆ ದಿನಕ್ಕೆ ಸುಮಾರು 3 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಆದರೆ ದಿನಕ್ಕೆ 8.6 ಟಿಎಂಸಿ. ಜಲಾಶಯದ ಪೂರ್ತಿ ಸಾಮರ್ಥ್ಯ 105.788 ಟಿಎಂಸಿ. ಹುಡುಗನ ವಾಕ್ಯ ಓದಿದ ರೈತ, ಕಿಂಡಿ ಮುಚ್ಚದಿದ್ದರೆ ಹನ್ನೆರಡು ದಿನಕ್ಕೆ ಡ್ಯಾಂ ಖಾಲಿ ಅಂತ ಲೆಕ್ಕ ಹಾಕುತ್ತಾನೆ. ನಮ್ಮ ಕಡೆ ರೈತರಿಗೆ ಈ ಲೆಕ್ಕ ಬಾಯಲ್ಲೇ ಬರುತ್ತದೆ.

ಹುಡುಗ ತನ್ನ ಅಂಚಿನ ಟಿಪ್ಪಣಿ ನೋಡಿದ. ಅರ್ಧದಲ್ಲಿ ಬಿಟ್ಟಿದ್ದ "ಒತ್ತಡ ತಗ್ಗಿಸಲು" ಅನ್ನುವ ಮಾತು ಅಲ್ಲೇ ಇತ್ತು. ಅದನ್ನು ಎತ್ತಿಕೊಂಡು ವಾಕ್ಯ ತಿದ್ದಿದ: "19ನೇ ಗೇಟ್ ಕೊಚ್ಚಿ ಹೋದ ಬಳಿಕ ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆದು..." ಅದಕ್ಕೇ ಮಕ್ಕಳಿಗೆ ಪದೇ ಪದೇ ಹೇಳುವುದು, ಮೇಲಿನ ಮೆಟ್ಟಿಲನ್ನಷ್ಟೇ ನೋಡಿ ಇಳಿಯಬೇಡಿ, ಪ್ರತಿ ಸಲ ಮೂಲ ಪ್ಯಾರಾಕ್ಕೆ ಹೋಗಿ ಬನ್ನಿ ಅಂತ. ಅರ್ಧದಲ್ಲಿ ಬೇಡವಾದದ್ದು ಒಂದು ವಾಕ್ಯದಲ್ಲಿ ಬೇಕಾಗಬಹುದು.

ಈ ಸಂಬಂಧ ಹೇಳುವ ಕಷ್ಟ ತಪ್ಪಿಸಿಕೊಳ್ಳಲು ಪತ್ರಿಕೆಯ ಕನ್ನಡ ಒಂದು ದಾರಿ ಕಂಡುಕೊಂಡಿದೆ: "ಕೊಚ್ಚಿ ಹೋಗಿದ್ದು, ತೆರೆಯಲಾಗಿದ್ದು, ಆತಂಕಗೊಂಡಿದ್ದು". ಇದ್ದು, ಇದ್ದು ಅಂತ ಎಷ್ಟು ಬೇಕಾದರೂ ಪೋಣಿಸಬಹುದು, ಯಾವುದರಿಂದ ಯಾವುದಾಯಿತು ಅಂತ ಹೇಳಲೇಬೇಕಿಲ್ಲ. ನನ್ನ ಪ್ಯಾರಾದಲ್ಲೂ ಎರಡು ಕಡೆ ಇದೆ. ಉದ್ದ ಪ್ಯಾರಾದಲ್ಲಿ ನಡೆಯುತ್ತದೆ. ಒಂದು ವಾಕ್ಯದ ಮೆಟ್ಟಿಲಲ್ಲಿ ಮಾತ್ರ ನಾನು ಅದಕ್ಕೆ ಅವಕಾಶ ಕೊಡುವುದಿಲ್ಲ. ಸಂಬಂಧ ಗೊತ್ತಿದ್ದರೆ ಬಿಡಿಸಿ ಹೇಳಬೇಕು. ಗೊತ್ತಿಲ್ಲದಿದ್ದರೆ ವರದಿಗಾರನಿಗೆ ಫೋನ್ ಮಾಡಿ ಕೇಳಬೇಕು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಎಷ್ಟು ಒದ್ದಾಡಿದರೂ ಮಕ್ಕಳಿಗೆ ಪ್ಯಾರಾದ ಎಲ್ಲ ವಿಷಯ ಒಂದೇ ವಾಕ್ಯಕ್ಕೆ ಬಗ್ಗಲಿಲ್ಲ. ನದಿ ದಂಡೆಯವರನ್ನು ಸೇರಿಸಿದರೆ ರೈತರು ಜಾರುತ್ತಾರೆ, ರೈತರನ್ನು ತಂದರೆ ದಂಡೆಯವರು. ಒಬ್ಬಳು ಕೇಳಿಯೇಬಿಟ್ಟಳು: "ಸರ, ಭತ್ತದ್ದು ಬರದ್ರ ಕಂಪ್ಲಿ ಕಡಿ ಹೊಳಿ ದಂಡಿ ಮಂದಿ ಬಿಟ್ಟು ಹೋಗ್ತಾರ. ಅವ್ರನ್ನ ಹೆಂಗ್ ಬಿಡೂದ್ರಿ?"

ಬಿಡಬಾರದವ್ವಾ, ಅದಕ್ಕೆ ಎರಡು ವಾಕ್ಯ ಬರಿ ಅಂದೆ. ಆ ಪ್ಯಾರಾದಲ್ಲಿ ನಿಜಕ್ಕೂ ಎರಡು ಸುದ್ದಿ ಇವೆ. ಒಬ್ಬರಿಗೆ ನೀರು ಜಾಸ್ತಿಯಾಗುವ ಭಯ, ಇನ್ನೊಬ್ಬರಿಗೆ ನೀರು ಇಲ್ಲದಾಗುವ ಭಯ. ಒಂದು ಗಂಟೆಗಳ ಮಾತು, ಇನ್ನೊಂದು ತಿಂಗಳುಗಳ ಮಾತು. ಪ್ಯಾರಾದಲ್ಲಿ ಎರಡೂ ಅಕ್ಕಪಕ್ಕ ಕೂತಿದ್ದಾಗ ಇದು ಕಾಣುವುದಿಲ್ಲ, ಒಂದು ವಾಕ್ಯಕ್ಕೆ ಇಳಿಸುವಾಗ ಕಾಣುತ್ತದೆ. ಪ್ರಾಮಾಣಿಕವಾಗಿ ಒದ್ದಾಡಿದ ಮೇಲೂ ಒಂದು ವಾಕ್ಯ ಆಗುತ್ತಿಲ್ಲ ಅಂದರೆ ತಪ್ಪು ಬರೆಯುವವರಲ್ಲಿ ಇಲ್ಲ, ಪ್ಯಾರಾವನ್ನೇ ಒಡೆದು ಎರಡು ಮಾಡಬೇಕು. ಹಾಗಾಗಿ ಎರಡು ಏಣಿ ಇಟ್ಟೆವು. ದಂಡೆಯವರದ್ದು ಹೀಗಾಯಿತು:

"19ನೇ ಗೇಟ್ ಕೊಚ್ಚಿ ಹೋದ ಬಳಿಕ ಉಳಿದ ಗೇಟ್‌ಗಳನ್ನೂ ತೆರೆದು 1 ಲಕ್ಷಕ್ಕೂ ಹೆಚ್ಚು ಕ್ಯೂಸೆಕ್ ನೀರು ಬಿಡುತ್ತಿರುವುದರಿಂದ, ಅಣೆಕಟ್ಟೆಗೆ ಅಪಾಯವಿಲ್ಲದಿದ್ದರೂ ತುಂಗಭದ್ರಾ ನದಿ ದಂಡೆಯವರು ಎಚ್ಚರದಿಂದಿರಬೇಕು ಎಂದು ಅಧಿಕಾರಿಗಳು ತಿಳಿಸಿದ್ದಾರೆ."

ರೈತರದ್ದು:

"ತುಂಗಭದ್ರಾ ಜಲಾಶಯದ ಕೊಚ್ಚಿ ಹೋದ 19ನೇ ಗೇಟ್ ಜಾಗದಲ್ಲಿ ಹೊಸದು ಕೂರಿಸಲು ಸುಮಾರು 60 ಟಿಎಂಸಿ ಅಡಿ ನೀರು ಬಿಡಬೇಕಾಗಬಹುದೆಂಬ ಅಂದಾಜು ಭತ್ತ ಬೆಳೆಗಾರರನ್ನು ಆತಂಕಕ್ಕೆ ತಳ್ಳಿದೆ."

ಎರಡರಲ್ಲೂ "ಕ್ರಸ್ಟ್" ಬಿಟ್ಟಿದ್ದನ್ನು ಗಮನಿಸಿ. ಅಣೆಕಟ್ಟೆಯಲ್ಲಿ ಕಾಲುವೆ ಗೇಟ್‌ಗಳೂ ಇವೆ, ಗೊಂದಲ ಆಗಲ್ವಾ ಅಂತ ಕೇಳಬಹುದು. ಕ್ರಸ್ಟ್ ಗೇಟ್‌ಗಳು 33. ನಮ್ಮಲ್ಲಿ 19ನೇ ಗೇಟ್ ಅಂದರೆ ಆ ಸಾಲಿನದ್ದೇ ಅಂತ ಓದುಗನಿಗೆ ಗೊತ್ತಾಗುತ್ತದೆ. ಒಂದು ಅಂಕಿ ಒಂದು ಪದದ ಕೆಲಸ ಮಾಡಿತು.

ಈಗ ಹೆಡ್ಡಿಂಗ್. ಇಲ್ಲಿ ಆರೇಳು ಪದಕ್ಕಿಂತ ಜಾಸ್ತಿ ಜಾಗ ಸಿಗುವುದಿಲ್ಲ. ಈ ಮೆಟ್ಟಿಲಲ್ಲಿ ಮೊದಲು ಉದುರುವುದು ಅನುಮಾನ. "ಸುಮಾರು", "ಬಹುದು", "ಅಂದಾಜು", "ಎಂದು ತಿಳಿಸಿದ್ದಾರೆ" ಇವೆಲ್ಲ ಹೆಡ್ಡಿಂಗಿನ ಕಣ್ಣಿಗೆ ತೌಡಿನ ಹಾಗೆ ಕಾಣುತ್ತವೆ. ಆದರೆ ಸುದ್ದಿ ನಿಜವೋ ಸುಳ್ಳೋ ಅನ್ನುವುದು ಎಷ್ಟೋ ಸಲ ಇವುಗಳ ಮೇಲೇ ನಿಂತಿರುತ್ತದೆ. ತರಗತಿಯಲ್ಲಿ ಬಂದ ಒಂದು ಹೆಡ್ಡಿಂಗ್:

"60 ಟಿಎಂಸಿ ನೀರು ನದಿಪಾಲು: ರೈತರು ಕಂಗಾಲು"

ಪಾಲು, ಕಂಗಾಲು, ಪ್ರಾಸ ಕೂಡಿದೆ. ತರಗತಿಗೆ ಬಹಳ ಹಿಡಿಸಿತು. ನಾನು ಒಂದು ಕೆಲಸ ಕೊಟ್ಟೆ. ಪ್ಯಾರಾ ಹೇಳಬೇಡಿ, ಈ ಹೆಡ್ಡಿಂಗ್ ಮಾತ್ರ ಯಾರಿಗಾದರೂ ಓದಿ ಹೇಳಿ, ಅವರಿಗೆ ಏನು ತಿಳಿಯಿತು ಅಂತ ಕೇಳಿ. ಏಣಿ ಇಳಿದಾದ ಮೇಲೆ ಹೀಗೆ ಹತ್ತಿ ನೋಡುವುದೇ ನನಗೆ ಗೊತ್ತಿರುವ ಒಂದೇ ನಂಬಿಕಸ್ಥ ಪರೀಕ್ಷೆ. ಕಾರಟಗಿ ಕಡೆಯ ಹುಡುಗಿ ಊರಿನ ತನ್ನ ಕಾಕಾಗೆ ಫೋನ್ ಹಚ್ಚಿ ಓದಿದಳು. ಆ ಕಡೆಯಿಂದ ಬಂದ ಮಾತು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು: "ಹೋತೇನವಾ ಅಷ್ಟೂ? ಹಂಗಾರ ನಾಟಿ ನಿಲ್ಲಸ್ಲೇನು? ಸಸಿ ಮಡಿ ಇನ್ನಾ ಅರ್ಧ ಹಂಗ ಐತಿ."

ತರಗತಿ ಸುಮ್ಮನಾಯಿತು. "ಇಲ್ಲ ಕಾಕಾ, ಇನ್ನಾ ಹೋಗಿಲ್ಲ, ಹೋಗಬಹುದು ಅಂತ ಅಂದಾಜು ಅಷ್ಟ, ನಾ ಆಮ್ಯಾಲ ಹೇಳ್ತೀನಿ" ಅಂದು ಆಕೆ ಫೋನ್ ಇಟ್ಟಳು. ಒಂದು ಬಹುದು ಬಿದ್ದು ಹೋದರೆ ಗದ್ದೆಯಲ್ಲಿ ಏನಾಗುತ್ತದೆ ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಆ 60 ಟಿಎಂಸಿ ಅಂದಾಜು ಎಲ್ಲಿಂದ ಬಂತು ಅಂತಲೂ ನೋಡಬೇಕು. ಜಲಾಶಯ ತುಂಬಿದಾಗ ನೀರಿನ ಮಟ್ಟ 1,633 ಅಡಿ. ಕ್ರಸ್ಟ್ ಗೇಟಿನ ಎತ್ತರ 20 ಅಡಿ. ಗೇಟ್ ಕೂರುವ ಜಾಗ ನೀರಿನಿಂದ ಮೇಲೆ ಬರಬೇಕಾದರೆ ಮಟ್ಟ ಅಷ್ಟೂ ಅಡಿ ಇಳಿಯಬೇಕು. ಆ ಇಪ್ಪತ್ತು ಅಡಿಯಲ್ಲಿ ನಿಂತ ನೀರೇ ಹೆಚ್ಚುಕಡಿಮೆ ಅರವತ್ತು ಟಿಎಂಸಿ. ಅಂದರೆ ನೀರು ಇಳಿಸಿದ ಮೇಲೆಯೇ ಕೆಲಸ ಮಾಡುವುದಾದರೆ ಇಷ್ಟು ಹೋಗುತ್ತದೆ ಅಂತ ಅರ್ಥ. ಆ "ಮಾಡುವುದಾದರೆ" ಪ್ಯಾರಾದಲ್ಲಿ "ಬಹುದು" ಆಗಿ ಕುಗ್ಗಿತ್ತು. ಹೆಡ್ಡಿಂಗಿನಲ್ಲಿ ಅದೂ ಮಾಯವಾಯಿತು.

ಮುಂದೆ ಆದದ್ದು ನಿಮಗೆ ಗೊತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತಡೆ, ಇಳಿಸಿದರು. 60 ಅಡಿ ಉದ್ದ, 4 ಅಡಿ ಎತ್ತರದ ಐದು ತುಂಡು, ಒಂದರ ಮೇಲೊಂದು. ಆಗಸ್ಟ್ 16ರಂದು ಮೊದಲನೆಯದು ಕೂತಿತು, 17ಕ್ಕೆ ಕೆಲಸ ಮುಗಿಯಿತು. ಅರವತ್ತು ಟಿಎಂಸಿ ಬಿಡುವ ಪ್ರಸಂಗ ಬರಲಿಲ್ಲ. ಆ ಮಳೆಗಾಲದಲ್ಲೇ ಜಲಾಶಯ ಮತ್ತೆ ತುಂಬಿತು.

ಸೋಮವಾರವೇ ತರಗತಿ ಆ ಪ್ರಾಸದ ಹೆಡ್ಡಿಂಗ್ ಕೈಬಿಟ್ಟು ಬರೆದದ್ದು ಇವೆರಡು:

"19ನೇ ಗೇಟ್ ದುರಸ್ತಿ: 60 ಟಿಎಂಸಿ ಬಿಡಬೇಕಾದೀತೆಂಬ ಆತಂಕ"

"ನದಿಗೆ 1 ಲಕ್ಷ ಕ್ಯೂಸೆಕ್: ದಂಡೆಯವರಿಗೆ ಎಚ್ಚರಿಕೆ"

ಮೊದಲನೆಯದರಲ್ಲಿ ಅನುಮಾನವನ್ನು ಕ್ರಿಯಾಪದದ ಒಳಗೇ ಇಟ್ಟಿದ್ದಾರೆ, "ಬಿಡಬೇಕಾದೀತು". ಕನ್ನಡಕ್ಕೆ ಇರುವ ದೊಡ್ಡ ಅನುಕೂಲ ಇದು. ಅನುಮಾನ ಹೇಳಲು ಬೇರೆ ಪದವೇ ಬೇಡ, ಜಾಗವೂ ಹೋಗುವುದಿಲ್ಲ. ಹೀಗಿದ್ದೂ ಹೆಡ್ಡಿಂಗಿನ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. "60 ಟಿಎಂಸಿ ನದಿಪಾಲು?" ಅಂತ ಬರೆದರೆ ಓದುಗನ ತಲೆಯಲ್ಲಿ ಉಳಿಯುವುದು ನದಿಪಾಲು ಮಾತ್ರ.

ಎರಡನೆಯದರಲ್ಲಿ "ಅಣೆಕಟ್ಟೆಗೆ ಅಪಾಯವಿಲ್ಲ" ಅನ್ನುವುದಕ್ಕೆ ಜಾಗ ಸಿಗಲಿಲ್ಲ. ಅದನ್ನು ಹೆಡ್ಡಿಂಗಿನ ಕೆಳಗಿನ ಸಣ್ಣ ಸಾಲಿಗೆ ಹಾಕಿದೆವು. ಇಲ್ಲ ಅನ್ನುವ ಮಾತನ್ನು ಹೆಡ್ಡಿಂಗಿಗೆ ತುರುಕುವಾಗ ಬಹಳ ಜೋಪಾನ ಬೇಕು. ಕನ್ನಡದಲ್ಲಿ ಆ "ಇಲ್ಲ" ಕೊನೆಗೆ ಬರುತ್ತದೆ. ಮೊಬೈಲ್ ಪರದೆ ಕೊನೆಯ ಪದ ನುಂಗಿದರೆ "ಅಣೆಕಟ್ಟೆಗೆ ಅಪಾಯ..." ಅಂತ ನಿಲ್ಲುತ್ತದೆ. ಅಂಥ ಕಡೆ "ಅಣೆಕಟ್ಟೆ ಸುರಕ್ಷಿತ: ಅಧಿಕಾರಿಗಳು" ಅಂತ ತಿರುಗಿಸಿ ಬರೆಯುವುದು ಒಳ್ಳೆಯದು, ಅರ್ಧ ಕಂಡರೂ ಅರ್ಥ ಕೆಡುವುದಿಲ್ಲ.

ಸ್ಟಾಪ್‌ಲಾಗ್ ಕೂತ ಮೇಲಿನ ತರಗತಿಯಲ್ಲಿ ಹೊಸ ಪ್ಯಾರಾ ಕೊಟ್ಟೆ. ಈ ಸಲ ಅರ್ಧವೂ, ವಾಕ್ಯವೂ ಚಕಚಕನೆ ಇಳಿದವು. ಒಂದೇ ಸುದ್ದಿ, ಒಂದೇ ಏಣಿ. ಹೆಡ್ಡಿಂಗ್ ಬಂತು: "19ನೇ ಗೇಟ್‌ಗೆ ಸ್ಟಾಪ್‌ಲಾಗ್: ನಿಂತಿತು ನೀರು". ಚೆನ್ನಾಗಿದೆ ಅಂತ ನಾನು ಹೇಳುವ ಮೊದಲೇ ಕಾರಟಗಿಯ ಹುಡುಗಿ ಕೈ ಎತ್ತಿದಳು. "ಸರ, ನೀರು ನಿಂತ್ವು ಅಂದ್ರ ನಮ್ಮ ಕಾಕಾ ಕಾಲುವಿ ನೀರು ನಿಂತ್ವು ಅನ್ಕೋತಾನ್ರಿ" ಅಂದಳು. ಬೋರ್ಡಿಗೆ ಹೋಗಿ ಎರಡನೇ ಭಾಗ ಅಳಿಸಿ ತಾನೇ ಬರೆದಳು: "19ನೇ ಗೇಟ್‌ಗೆ ಸ್ಟಾಪ್‌ಲಾಗ್: ನದಿಗೆ ಹೋಗುತ್ತಿದ್ದ ನೀರಿಗೆ ತಡೆ".